ಮನೆಯಿಂದಲೇ ಮತ: ಸಣ್ಣ ಷೇರುದಾರನ ಹಕ್ಕಿನ ಬಲವೂ ಮಿತಿಯೂ

ಷೇರುದಾರನೇ ಕಂಪೆನಿಯ ಒಡೆಯ ಎಂಬ ಮಾತು ಪಠ್ಯಪುಸ್ತಕಗಳಲ್ಲಿ ಬಹುಕಾಲದಿಂದ ಇದೆ. ಆದರೆ ಹುಬ್ಬಳ್ಳಿಯಲ್ಲೋ ಪುತ್ತೂರಿನಲ್ಲೋ ಕುಳಿತು, ಮುಂಬೈಯಲ್ಲಿ ನೋಂದಾಯಿತವಾದ ಕಂಪೆನಿಯೊಂದರ ನೂರು ಷೇರುಗಳನ್ನು ಹೊಂದಿದವನಿಗೆ ಆ ಒಡೆತನದ ಅನುಭವವಾಗುತ್ತಿದ್ದುದು ಲಾಭಾಂಶದ ಚೆಕ್ ಕೈಸೇರಿದಾಗ ಮಾತ್ರ. ಮಹಾಸಭೆಗೆ ಹೋಗಿಬರುವ ರೈಲು ಪ್ರಯಾಣದ ವೆಚ್ಚ ಎಷ್ಟೋ ಸಲ ಆ ಲಾಭಾಂಶವನ್ನೇ ಮೀರುತ್ತಿತ್ತು. ಸಭೆಗೆ ಬಾರದವರಿಗೂ ಮತ ನೀಡುವ ದಾರಿಯನ್ನು ಕಾನೂನು ಮೊದಲು ಅಂಚೆಯ ಮೂಲಕ, ಅನಂತರ ಗಣಕಯಂತ್ರದ ಮೂಲಕ ತೆರೆಯಿತು. ಆ ದಾರಿ ಎಷ್ಟು ದೂರ ಕರೆದೊಯ್ಯುತ್ತದೆ ಎಂಬುದನ್ನು 2024ರ ಎರಡು ಮತದಾನಗಳು ಸ್ಪಷ್ಟವಾಗಿ ತೋರಿಸಿಕೊಟ್ಟಿವೆ. ಒಂದರಲ್ಲಿ ಬಹುಪಾಲು ಷೇರುಗಳ ಒಡೆಯನಾದ ವಿದೇಶಿ ಮಾತೃಸಂಸ್ಥೆಯ ಇಚ್ಛೆಗೆ ತಡೆ ಬಿತ್ತು. ಇನ್ನೊಂದರಲ್ಲಿ ಮತ ಚಲಾಯಿಸಿದ ಸಣ್ಣ ಷೇರುಗಳ ಬಹುಪಾಲು 'ಬೇಡ' ಎಂದರೂ ಪ್ರಸ್ತಾವ ಗೆದ್ದಿತು.

ಕೈ ಎತ್ತುವ ಕಾಲದಿಂದ ಅಂಚೆ ಲಕೋಟೆಗೆ

ಹಳೆಯ ಪದ್ಧತಿಯಲ್ಲಿ ಮಹಾಸಭೆಯ ನಿರ್ಣಯಗಳು ಸಾಮಾನ್ಯವಾಗಿ ಕೈ ಎತ್ತುವ ಮೂಲಕವೇ ಅಂಗೀಕಾರವಾಗುತ್ತಿದ್ದವು. ಸಭಾಂಗಣದಲ್ಲಿರುವ ಪ್ರತಿ ಸದಸ್ಯನಿಗೆ ಒಂದು ಕೈ, ಒಂದು ಮತ. ಹತ್ತು ಷೇರಿನವನಿಗೂ ಹತ್ತು ಲಕ್ಷ ಷೇರಿನವನಿಗೂ ಅಲ್ಲಿ ಸಮಾನ ಸ್ಥಾನ. ಬಾರದವರು ಲೆಕ್ಕಕ್ಕೇ ಇಲ್ಲ. ತನ್ನ ಪರವಾಗಿ ಪ್ರಾಕ್ಸಿಯನ್ನು ಕಳುಹಿಸಬಹುದಾಗಿದ್ದರೂ ಕೈ ಎತ್ತುವ ಹೊತ್ತಿನಲ್ಲಿ ಪ್ರಾಕ್ಸಿಗೆ ಮತವಿರಲಿಲ್ಲ. ಷೇರುಗಳ ಸಂಖ್ಯೆಯ ಆಧಾರದಲ್ಲಿ ಮತ ಎಣಿಸಬೇಕೆಂದು, ಅಂದರೆ 'ಪೋಲ್' ನಡೆಯಬೇಕೆಂದು, ಯಾರಾದರೂ ಕೋರಿದಾಗ ಮಾತ್ರ ಆತನ ಚೀಟಿಗೆ ಬೆಲೆ.

2000ದಲ್ಲಿ 1956ರ ಕಂಪೆನಿ ಕಾಯ್ದೆಗೆ ತಿದ್ದುಪಡಿ ತಂದು 192ಎ ಕಲಮನ್ನು ಸೇರಿಸಲಾಯಿತು. ಷೇರು ವಿನಿಮಯ ಕೇಂದ್ರದಲ್ಲಿ ನೋಂದಾಯಿತವಾದ ಕಂಪೆನಿಗಳು ಕೆಲವು ಮುಖ್ಯ ವಿಷಯಗಳನ್ನು ಅಂಚೆ ಮತದಾನಕ್ಕೆ ಒಡ್ಡಬೇಕೆಂಬುದು ಅದರ ಸಾರ. ಕಂಪೆನಿಯು ನಿರ್ಣಯದ ಕರಡು, ಅದರ ಕಾರಣಗಳ ವಿವರಣೆ ಮತ್ತು ಅಂಚೆವೆಚ್ಚ ಪಾವತಿಸಿದ ಮರುಲಕೋಟೆಯನ್ನು ಪ್ರತಿ ಷೇರುದಾರನಿಗೆ ಕಳುಹಿಸಬೇಕು. ಆತ ಒಪ್ಪಿಗೆಯನ್ನೋ ಅಸಮ್ಮತಿಯನ್ನೋ ಗುರುತಿಸಿ, ಸಹಿ ಹಾಕಿ, 30 ದಿನಗಳೊಳಗೆ ತಲುಪುವಂತೆ ಹಿಂದಿರುಗಿಸಬೇಕು. ತಡವಾಗಿ ಬಂದ ಲಕೋಟೆಯನ್ನು ಉತ್ತರವೇ ಬಂದಿಲ್ಲವೆಂದು ಪರಿಗಣಿಸಲಾಗುತ್ತಿತ್ತು.

2012ರಲ್ಲಿ ಸೆಬಿಯು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಸ್ಥಾನಗಳಲ್ಲಿದ್ದ ಕಂಪೆನಿಗಳು ಅಂಚೆ ಮತದಾನದ ವಿಷಯಗಳಿಗೆ ವಿದ್ಯುನ್ಮಾನ ಮತದಾನದ ಸೌಲಭ್ಯವನ್ನೂ ಕಲ್ಪಿಸಬೇಕೆಂದು ವಿಧಿಸಿತು. ಹೊಸದಾಗಿ ಬಂದ 2013ರ ಕಂಪೆನಿ ಕಾಯ್ದೆಯ 108ನೆಯ ಕಲಮು ಮಹಾಸಭೆಯ ನಿರ್ಣಯಗಳಿಗೂ ಇ-ಮತದಾನವನ್ನು ತಂದರೆ, 110ನೆಯ ಕಲಮು ಅಂಚೆ ಮತದಾನವನ್ನು ಮುಂದುವರಿಸಿತು. ಇ-ಮತದಾನ ನಡೆಯುವಲ್ಲಿ ಕೈ ಎತ್ತುವ ಪದ್ಧತಿಗೆ ಎಡೆಯಿಲ್ಲ. ಒಂದು ಷೇರಿಗೆ ಒಂದು ಮತ ಎಂಬ ಲೆಕ್ಕವೇ ಅಂತಿಮ. ಬಾರದವನಿಗೆ ಮತ ದೊರೆತ ಗಳಿಗೆಯಲ್ಲಿಯೇ, ಬಂದವನ ಕೈಗಿದ್ದ ಸಮಾನತೆ ಅಳಿಯಿತು ಎಂಬುದು ಗಮನಾರ್ಹ.

'ಅಂಚೆ ಮತದಾನ' ಎಂಬ ಹೆಸರು ಈಗ ಬಹುಮಟ್ಟಿಗೆ ಹೆಸರಾಗಿಯೇ ಉಳಿದಿದೆ. 2020ರ ಕೊರೊನಾ ಕಾಲದಲ್ಲಿ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ನೀಡಿದ ಸಡಿಲಿಕೆಯಂತೆ ಕಾಗದವನ್ನೇ ಕಳುಹಿಸದೆ, ಇ-ಮೇಲ್‌ನಲ್ಲಿ ನೋಟಿಸು ನೀಡಿ, ಇ-ಮತದಾನದಿಂದಲೇ ಅದನ್ನು ಪೂರೈಸುವುದು ರೂಢಿಗೆ ಬಂದಿತು.

ಮತ ಚಲಾಯಿಸುವ ಬಗೆ

ಮಹಾಸಭೆಯ ಸಂದರ್ಭದಲ್ಲಿ ದೂರದಿಂದ ನಡೆಯುವ ಇ-ಮತದಾನ ಕನಿಷ್ಠ ಮೂರು ದಿನ ತೆರೆದಿರಬೇಕು ಮತ್ತು ಸಭೆಯ ಹಿಂದಿನ ದಿನ ಸಂಜೆ 5 ಗಂಟೆಗೆ ಮುಚ್ಚಬೇಕು. ಯಾರಿಗೆ ಮತವಿದೆ ಎಂಬುದನ್ನು 'ಕಟ್-ಆಫ್' ದಿನಾಂಕ ನಿರ್ಧರಿಸುತ್ತದೆ. ಅದು ಸಭೆಗಿಂತ ಏಳು ದಿನಗಳಿಗೂ ಹಿಂದಿನದಾಗಿರಕೂಡದು. ಆ ದಿನ ಷೇರು ಯಾರ ಹೆಸರಿನಲ್ಲಿತ್ತೋ ಅವರದೇ ಮತ. ಮರುದಿನ ಷೇರನ್ನು ಮಾರಿದವನಿಗೂ ಮತ ಉಳಿಯುತ್ತದೆ. ಮರುದಿನ ಕೊಂಡವನಿಗೆ, ಪರಿಣಾಮವನ್ನು ಅನುಭವಿಸಬೇಕಾದವನು ಅವನೇ ಆದರೂ, ಮತವಿಲ್ಲ.

ಡಿಮ್ಯಾಟ್ ಖಾತೆಯುಳ್ಳವರ ಹಾದಿಯನ್ನು ಸೆಬಿಯ 2020ರ ಡಿಸೆಂಬರ್ ಸುತ್ತೋಲೆ ಸುಗಮಗೊಳಿಸಿತು. ಅದಕ್ಕೂ ಮುನ್ನ ಮತದಾನ ಸೇವೆ ನೀಡುವ ಒಂದೊಂದು ಸಂಸ್ಥೆಯಲ್ಲಿಯೂ ಬೇರೆಬೇರೆ ಗುಪ್ತಪದ ಪಡೆಯಬೇಕಿತ್ತು. ಈಗ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್ ಜಾಲತಾಣದ ಮೂಲಕ, ಇಲ್ಲವೇ ಡಿಮ್ಯಾಟ್ ಖಾತೆಯಿರುವ ದಲ್ಲಾಳಿ ಸಂಸ್ಥೆಯ ತಾಣದ ಮೂಲಕ ಒಮ್ಮೆ ಒಳಹೊಕ್ಕರೆ, ಮತದಾನ ತೆರೆದಿರುವ ಕಂಪೆನಿಗಳ ಪುಟಕ್ಕೆ ನೇರವಾಗಿ ಹೋಗಬಹುದು. ಪ್ರತಿ ನಿರ್ಣಯದ ಎದುರು ಒಪ್ಪಿಗೆ ಅಥವಾ ಅಸಮ್ಮತಿಯನ್ನು ಗುರುತಿಸಿ ದೃಢೀಕರಿಸಿದರೆ ಮುಗಿಯಿತು. ಹಾಗೆ ಒಮ್ಮೆ ದೃಢೀಕರಿಸಿದ ಮತವನ್ನು ಬದಲಾಯಿಸಲು ಆಗುವುದಿಲ್ಲ. ಎರಡು ಡಿಮ್ಯಾಟ್ ಖಾತೆಗಳಲ್ಲಿ ಒಂದೇ ಕಂಪೆನಿಯ ಷೇರುಗಳಿದ್ದರೆ ಎರಡು ಖಾತೆಗಳಿಂದಲೂ ಮತ ನೀಡಬೇಕು. ಒಂದರಿಂದ ನೀಡಿ ಸುಮ್ಮನಾದರೆ ಇನ್ನೊಂದರಲ್ಲಿರುವ ಷೇರುಗಳು ಮೌನವಾಗಿ ಉಳಿಯುತ್ತವೆ.

ತೊಡಕು ಉಂಟಾಗುವುದು ಬಹುತೇಕ ಇದಕ್ಕೂ ಮುಂಚೆ. ನೋಟಿಸು ಹೋಗುವುದು ಖಾತೆಯಲ್ಲಿ ನಮೂದಾದ ಇ-ಮೇಲ್ ವಿಳಾಸಕ್ಕೆ. ಹತ್ತು ವರ್ಷಗಳ ಹಿಂದೆ ಖಾತೆ ತೆರೆದಾಗ ಯಾರದೋ ವಿಳಾಸ ಕೊಟ್ಟವರಿಗೆ, ಕಾಗದದ ಷೇರು ಪತ್ರಗಳನ್ನು ಇಂದಿಗೂ ಪೆಟ್ಟಿಗೆಯಲ್ಲಿಟ್ಟ ಹಿರಿಯರಿಗೆ ಅದು ತಲುಪುವುದೇ ಇಲ್ಲ. ಅಂಥವರು ಕಂಪೆನಿಯ ಷೇರು ರಿಜಿಸ್ಟ್ರಾರ್ ಸಂಸ್ಥೆಗೆ ಬರೆದು ವಿಳಾಸ ನೋಂದಾಯಿಸಿಕೊಳ್ಳಬೇಕು. ಇವರಿಗಾಗಿ ಕಾನೂನು ಇನ್ನೊಂದು ಏರ್ಪಾಡನ್ನು ಮಾಡಿದೆ. ಕಂಪೆನಿಯ ನೋಂದಾಯಿತ ಕಚೇರಿ ಇರುವ ಜಿಲ್ಲೆಯ ಪ್ರಧಾನ ದೇಶಭಾಷೆಯ ಪತ್ರಿಕೆಯೊಂದರಲ್ಲಿಯೂ ಇಂಗ್ಲಿಷ್ ಪತ್ರಿಕೆಯೊಂದರಲ್ಲಿಯೂ ಪ್ರಕಟಣೆ ನೀಡಬೇಕು. ಬೆಂಗಳೂರಿನಲ್ಲಿ ನೋಂದಾಯಿತವಾದ ಕಂಪೆನಿಗಳ ಮತದಾನದ ಪ್ರಕಟಣೆಗಳು ಕನ್ನಡ ದಿನಪತ್ರಿಕೆಗಳ ಒಳಪುಟಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಕಾಣಿಸಿಕೊಳ್ಳುವುದು ಈ ಕಾರಣಕ್ಕೆ. ಆದರೆ ಮುಂಬೈಯಲ್ಲಿ ನೋಂದಾಯಿತವಾದ ಕಂಪೆನಿಯ ಪ್ರಕಟಣೆ ಬರುವುದು ಮರಾಠಿಯಲ್ಲಿ. ಷೇರುದಾರ ಎಲ್ಲಿದ್ದಾನೆ ಎಂಬುದನ್ನು ಕಾನೂನು ನೋಡುವುದಿಲ್ಲ, ಕಂಪೆನಿಯ ಕಚೇರಿ ಎಲ್ಲಿದೆ ಎಂಬುದನ್ನಷ್ಟೇ ನೋಡುತ್ತದೆ.

ಮಾತೃಸಂಸ್ಥೆಗೆ ತಡೆ: ನೆಸ್ಲೆ ಪ್ರಕರಣ

ಈ ಮತಕ್ಕೆ ಬಲ ಬರುವುದು ಯಾವಾಗ? ಬಹುಪಾಲು ಷೇರು ಹೊಂದಿದ ಪ್ರವರ್ತಕರು ಮತದಾನದಿಂದ ಹೊರಗುಳಿಯಲೇಬೇಕಾದಾಗ. 2024ರ ಏಪ್ರಿಲ್‌ನಲ್ಲಿ ನೆಸ್ಲೆ ಇಂಡಿಯಾದ ನಿರ್ದೇಶಕ ಮಂಡಳಿಯು ಸ್ವಿಟ್ಜರ್ಲೆಂಡಿನ ಮಾತೃಸಂಸ್ಥೆಗೆ ಸಲ್ಲಿಸುವ ಪರವಾನಗಿ ಶುಲ್ಕವನ್ನು, ಅಂದರೆ ರಾಯಧನವನ್ನು, ಹೆಚ್ಚಿಸಲು ಸಮ್ಮತಿಸಿತು. ಮಾರಾಟದ ಶೇ. 4.5ರಷ್ಟಿದ್ದ ಶುಲ್ಕವನ್ನು ವರ್ಷಕ್ಕೆ ಶೇ. 0.15ರಂತೆ ಐದು ವರ್ಷ ಏರಿಸಿ ಶೇ. 5.25ಕ್ಕೆ ಒಯ್ಯುವುದು ಪ್ರಸ್ತಾವ. ಹಾಗೆ ಹೆಚ್ಚು ಹೋಗುವ ಪ್ರತಿ ರೂಪಾಯಿಯೂ ಭಾರತದ ಕಂಪೆನಿಯ ಲಾಭದಿಂದ ಕಳೆಯುವಂಥದು. ಮಾತೃಸಂಸ್ಥೆಗೆ ಒಂದು ಕೈಯಲ್ಲಿ ಕಡಿಮೆಯಾದದ್ದು ಇನ್ನೊಂದು ಕೈಗೆ ಬರುತ್ತದೆ. ಉಳಿದ ಷೇರುದಾರರಿಗೆ ಬರುವ ಎರಡನೆಯ ಕೈ ಇಲ್ಲ.

ಪ್ರವರ್ತಕರ ಬಳಿ ಇದ್ದುದು ಶೇ. 62.76ರಷ್ಟು ಷೇರು. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಸಾಕಾದ್ದರಿಂದ, ಅವರಿಗೆ ಮತವಿದ್ದಿದ್ದರೆ ಮತದಾನವೇ ಬೇಕಿರಲಿಲ್ಲ. ಆದರೆ ಸೆಬಿಯ ನಿಯಮಾವಳಿಯಂತೆ ಕಂಪೆನಿ ಮತ್ತು ಅದರ ಸಂಬಂಧಿತರ ನಡುವಣ ಮಹತ್ವದ ವ್ಯವಹಾರಕ್ಕೆ ಷೇರುದಾರರ ಅನುಮೋದನೆ ಬೇಕು ಮತ್ತು ಅದನ್ನು ಅನುಮೋದಿಸಲು ಸಂಬಂಧಿತರು ಮತ ನೀಡುವಂತಿಲ್ಲ. ತೀರ್ಮಾನ ಉಳಿದ ಶೇ. 37ರಷ್ಟು ಷೇರುಗಳ ಒಡೆಯರ ಕೈಗೆ ಬಂದಿತು. ಸಭೆ ನಡೆಯಲಿಲ್ಲ. ವಿದ್ಯುನ್ಮಾನ ರೂಪದ ಅಂಚೆ ಮತದಾನವೇ ನಡೆಯಿತು. ಮೇ ತಿಂಗಳಲ್ಲಿ ಹೊರಬಿದ್ದ ಫಲಿತಾಂಶದಲ್ಲಿ ಶೇ. 57.18ರಷ್ಟು ಮತ ವಿರುದ್ಧವಾಗಿ, ಶೇ. 42.82ರಷ್ಟು ಪರವಾಗಿ ಬಿದ್ದಿತ್ತು. ಪ್ರಸ್ತಾವ ಬಿದ್ದುಹೋಯಿತು. ಹಳೆಯ ಶೇ. 4.5ರ ದರವನ್ನೇ ಮುಂದುವರಿಸುವ ನಿರ್ಣಯಕ್ಕೆ ಅದೇ ವರ್ಷದ ಜುಲೈನಲ್ಲಿ ಷೇರುದಾರರ ಒಪ್ಪಿಗೆ ದೊರೆಯಿತು.

ಸಣ್ಣವರ 'ಬೇಡ' ಸಾಲದಾದಾಗ

ನೆಸ್ಲೆಯ ಫಲಿತಾಂಶಕ್ಕೂ ಕೆಲವೇ ವಾರಗಳ ಮುನ್ನ, 2024ರ ಮಾರ್ಚ್ ಕೊನೆಯಲ್ಲಿ, ಐಸಿಐಸಿಐ ಸೆಕ್ಯುರಿಟೀಸ್ ಸಂಸ್ಥೆಯ ಷೇರುದಾರರು ಬೇರೊಂದು ಪ್ರಶ್ನೆಗೆ ಉತ್ತರಿಸಬೇಕಾಯಿತು. ಸುಮಾರು ಮುಕ್ಕಾಲು ಪಾಲು ಷೇರು ಹೊಂದಿದ್ದ ಐಸಿಐಸಿಐ ಬ್ಯಾಂಕು ಈ ಸಂಸ್ಥೆಯನ್ನು ಪೂರ್ಣವಾಗಿ ತನ್ನದಾಗಿಸಿಕೊಂಡು ಷೇರುಪೇಟೆಯಿಂದ ಹೊರತೆಗೆಯಲು ಬಯಸಿತ್ತು. ಸಂಸ್ಥೆಯ 100 ಷೇರು ಇದ್ದವರಿಗೆ ಬ್ಯಾಂಕಿನ 67 ಷೇರು ಎಂಬುದು 2023ರ ಜೂನ್‌ನಲ್ಲಿ ಪ್ರಕಟವಾದ ಅನುಪಾತ. ಇದು ತಮ್ಮ ಷೇರಿನ ನಿಜಬೆಲೆಗಿಂತ ಕಡಿಮೆ ಎಂಬುದು ಆಕ್ಷೇಪಿಸಿದವರ ವಾದ. ಯೋಜನೆ ಅಂಗೀಕಾರವಾದರೆ ವಿರೋಧಿಸಿದವನ ಷೇರೂ ಅದೇ ಅನುಪಾತದಲ್ಲಿ ಹೋಗುತ್ತದೆ. ಒಪ್ಪದವನು ಉಳಿದುಕೊಳ್ಳುವ ಆಯ್ಕೆ ಇಲ್ಲ. ಸಣ್ಣ ಷೇರುದಾರನಿಗೆ ಈ ಮತದ ತೂಕ ಇದ್ದುದು ಅಲ್ಲಿ.

ಪ್ರವರ್ತಕರಲ್ಲದ ಸಾರ್ವಜನಿಕ ಷೇರುದಾರರ ಮತಗಳಲ್ಲಿ ಪರವಾದವು ವಿರುದ್ಧವಾದವುಗಳ ಎರಡರಷ್ಟಾದರೂ ಇರಬೇಕೆಂಬುದು ಇಂಥ ಸಂದರ್ಭಕ್ಕೆ ಸೆಬಿ ವಿಧಿಸಿದ ಷರತ್ತು. ಅಂದರೆ ಚಲಾಯಿತ ಮತಗಳಲ್ಲಿ ಸುಮಾರು ಶೇ. 66.67 ಬೇಕು. ಬಂದದ್ದು ಶೇ. 71.89. ಈ ಅಂಕಿಯನ್ನು ಬಿಡಿಸಿ ನೋಡಿದಾಗ ಚಿತ್ರ ಬೇರೆಯಾಗುತ್ತದೆ. ಮ್ಯೂಚುವಲ್ ಫಂಡ್, ವಿದೇಶಿ ಹೂಡಿಕೆದಾರ ಮುಂತಾದ ಸಂಸ್ಥೆಗಳ ಮತದಲ್ಲಿ ಸುಮಾರು ಶೇ. 84 ಪರವಾಗಿತ್ತು. ಸಾಂಸ್ಥಿಕವಲ್ಲದ ಷೇರುದಾರರ ಮತದಲ್ಲಿ ಪರವಾಗಿದ್ದುದು ಸುಮಾರು ಶೇ. 32 ಮಾತ್ರ. ಮೂರರಲ್ಲಿ ಎರಡು ಪಾಲಿಗೂ ಮಿಗಿಲಾದ ಮತ ವಿರುದ್ಧ.

ಹಾಗಿದ್ದೂ ಒಟ್ಟು ಫಲಿತಾಂಶ ಬೇರೆಯಾದದ್ದು ಹೇಗೆಂಬುದು ಸರಳ ಲೆಕ್ಕ. ಒಂದು ಗುಂಪಿನ 84 ಮತ್ತು ಇನ್ನೊಂದರ 32 ಸೇರಿ ಸರಾಸರಿ 72ರ ಸಮೀಪ ಬರಬೇಕಾದರೆ ಚಲಾಯಿತ ಮತಗಳಲ್ಲಿ ಮೊದಲ ಗುಂಪಿನ ಪಾಲು ನಾಲ್ಕರಲ್ಲಿ ಮೂರರಷ್ಟು ಇರಲೇಬೇಕು. ಇಲ್ಲಿ ಗಮನಿಸಬೇಕಾದುದು 'ಚಲಾಯಿತ ಮತ' ಎಂಬ ಪದ. ಮತ ನೀಡದವನ ಷೇರು ಪರವೂ ಅಲ್ಲ, ವಿರುದ್ಧವೂ ಅಲ್ಲ, ಲೆಕ್ಕದ ಛೇದದಲ್ಲಿಯೂ ಇಲ್ಲ. ಸಂಸ್ಥೆಗಳ ಪೈಕಿ ಮ್ಯೂಚುವಲ್ ಫಂಡುಗಳಿಗೆ ಮತ ನೀಡುವುದು ಐಚ್ಛಿಕವಲ್ಲ. 2022ರ ಏಪ್ರಿಲ್‌ನಿಂದ ಎಲ್ಲ ನಿರ್ಣಯಗಳ ಮೇಲೂ ಅವು ಮತ ಚಲಾಯಿಸಬೇಕೆಂದು ಸೆಬಿ ಕಡ್ಡಾಯಗೊಳಿಸಿದೆ. ಅದಕ್ಕೆಂದೇ ಅವುಗಳಲ್ಲಿ ಸಿಬ್ಬಂದಿಯೂ ಸಲಹಾ ಸಂಸ್ಥೆಗಳ ವರದಿಯೂ ಇರುತ್ತದೆ. ಸಣ್ಣ ಷೇರುದಾರನಿಗೆ ಇರುವುದು ಇ-ಮೇಲ್‌ನಲ್ಲಿ ಬಂದ ಹತ್ತಾರು ಪುಟಗಳ ಇಂಗ್ಲಿಷ್ ನೋಟಿಸು ಮತ್ತು ಕೆಲವೇ ದಿನಗಳ ಅವಧಿ. ಇಲ್ಲಿ ಷರತ್ತಿನ ಗೆರೆಗೂ ಫಲಿತಾಂಶಕ್ಕೂ ಇದ್ದ ಅಂತರ ಐದು ಶೇಕಡಾಂಶಕ್ಕಿಂತ ತುಸು ಹೆಚ್ಚು, ಅಷ್ಟೆ. ಎಷ್ಟು ಮಂದಿ ಮತ ನೀಡದೆ ಉಳಿದರೆಂಬುದು ಅಂಥ ಅಂತರದಲ್ಲಿ ನಗಣ್ಯವಾದ ಸಂಗತಿಯಲ್ಲ.

ಗುಟ್ಟು ಎಲ್ಲಿಯವರೆಗೆ?

ಇದೇ ಮತದಾನ ಇನ್ನೊಂದು ಪ್ರಶ್ನೆಯನ್ನೂ ಎತ್ತಿತು. ಮತದಾನ ತೆರೆದಿದ್ದ ದಿನಗಳಲ್ಲಿ ಬ್ಯಾಂಕಿನ ಸಿಬ್ಬಂದಿ ತಮಗೆ ಕರೆ ಮಾಡಿ ಯೋಜನೆಯ ಪರವಾಗಿ ಮತ ನೀಡುವಂತೆ ಕೇಳಿಕೊಂಡರೆಂದೂ, ಮತ ನೀಡಿದ ಪುಟದ ಛಾಯಾಚಿತ್ರವನ್ನು ಕಳುಹಿಸುವಂತೆ ಹೇಳಿದರೆಂದೂ ಹಲವು ಷೇರುದಾರರು ಸಾಮಾಜಿಕ ಜಾಲತಾಣಗಳಲ್ಲಿ ದೂರಿದರು. ಹೆಚ್ಚು ಮಂದಿ ಮತದಾನದಲ್ಲಿ ಭಾಗವಹಿಸಲೆಂಬುದೇ ಸಂಪರ್ಕದ ಉದ್ದೇಶವೆಂಬುದು ಬ್ಯಾಂಕಿನ ಸಮರ್ಥನೆಯಾಗಿತ್ತು. ಯೋಜನೆಯಲ್ಲಿ ಸ್ವತಃ ಹಿತಾಸಕ್ತಿಯುಳ್ಳ ಬ್ಯಾಂಕು ಹೀಗೆ ಷೇರುದಾರರನ್ನು ಸಂಪರ್ಕಿಸಿದ್ದು ಸಮಂಜಸವಲ್ಲವೆಂದು ಸೆಬಿ ಆಡಳಿತಾತ್ಮಕ ಎಚ್ಚರಿಕೆ ಪತ್ರ ನೀಡಿದ್ದನ್ನು ಬ್ಯಾಂಕೇ 2024ರ ಜೂನ್‌ನಲ್ಲಿ ಷೇರುಪೇಟೆಗೆ ತಿಳಿಸಿತು. ಮತದಾನ ಮಾತ್ರ ರದ್ದಾಗಲಿಲ್ಲ.

ಮತದ ಗೋಪ್ಯತೆಯನ್ನು ಕಾಯಲು ನಿಯಮಗಳಲ್ಲಿ ವ್ಯವಸ್ಥೆಯಿದೆ. ನಿರ್ದೇಶಕ ಮಂಡಳಿಯು ಕಂಪೆನಿಯ ನೌಕರನಲ್ಲದ ಕಂಪೆನಿ ಸೆಕ್ರೆಟರಿ, ಲೆಕ್ಕಪರಿಶೋಧಕ ಅಥವಾ ವಕೀಲರೊಬ್ಬರನ್ನು ಮತ ಪರಿಶೀಲಕರನ್ನಾಗಿ ನೇಮಿಸುತ್ತದೆ. ದೂರದ ಮತದಾನ ಮುಚ್ಚಿದ ಬಳಿಕ ಯಾರು ಮತ ನೀಡಿದ್ದಾರೆಂಬ ಪಟ್ಟಿಯನ್ನು ಅವರು ನೋಡಬಹುದು. ಸಭೆಯಲ್ಲಿ ಮತ್ತೊಮ್ಮೆ ಮತ ನೀಡುವುದನ್ನು ತಡೆಯಲು ಅದು ಬೇಕು. ಆದರೆ ಯಾರು ಯಾವ ಕಡೆಗೆ ಮತ ನೀಡಿದರೆಂಬುದು ಆ ಹಂತದಲ್ಲಿ ಕಾಣುವುದಿಲ್ಲ. ಸಭೆ ಮುಗಿದು ಅಲ್ಲಿಯ ಮತಗಳನ್ನು ಎಣಿಸಿದ ಮೇಲಷ್ಟೇ, ಕಂಪೆನಿಯ ನೌಕರರಲ್ಲದ ಕನಿಷ್ಠ ಇಬ್ಬರು ಸಾಕ್ಷಿಗಳ ಎದುರಿನಲ್ಲಿ ದೂರದ ಮತಗಳ ಬೀಗವನ್ನು ತೆರೆಯಬೇಕು.

ಈ ಬೀಗ ಯಂತ್ರದೊಳಗಿನ ಮತವನ್ನು ಕಾಯುತ್ತದೆ. ಮತದಾರನ ಮನೆಯನ್ನು ಕಾಯುವುದಿಲ್ಲ. ವಿಧಾನಸಭಾ ಚುನಾವಣೆಯ ಮತಗಟ್ಟೆಯಲ್ಲಿ ಪರದೆಯಿದೆ, ನೂರು ಮೀಟರ್ ಗಡಿಯಿದೆ, ಮತ ಯಾಚನೆಗೆ ತೆರೆಬೀಳುವ ಗಳಿಗೆಯಿದೆ. ಮನೆಯಿಂದ ನೀಡುವ ಮತಕ್ಕೆ ಇವು ಯಾವುವೂ ಇಲ್ಲ. ಸಾಲವನ್ನೋ ಠೇವಣಿಯನ್ನೋ ಇಟ್ಟುಕೊಂಡ ಸಂಸ್ಥೆಯಿಂದಲೇ ಕರೆ ಬಂದಾಗ ಸಾಮಾನ್ಯನು ಎಷ್ಟು ಮುಕ್ತನಾಗಿ ಉತ್ತರಿಸಬಲ್ಲ ಎಂಬುದು ಸುಲಭದ ಪ್ರಶ್ನೆಯಲ್ಲ. ಮತ ನೀಡಿದ ಪುಟದ ಚಿತ್ರವನ್ನು ಯಾರೊಂದಿಗೂ ಹಂಚಿಕೊಳ್ಳಬೇಕಾದ ಅಗತ್ಯ ಯಾವ ನಿಯಮದಲ್ಲಿಯೂ ಇಲ್ಲ ಎಂಬುದನ್ನಾದರೂ ಷೇರುದಾರನು ತಿಳಿದಿರಬೇಕು.

ಯೋಜನೆಗೆ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯು 2024ರ ಆಗಸ್ಟ್‌ನಲ್ಲಿ ಒಪ್ಪಿಗೆಯಿತ್ತಿತು. ಮೇಲ್ಮನವಿಗಳು 2025ರ ಮಾರ್ಚ್‌ನಲ್ಲಿ ವಜಾಗೊಂಡು, ಅದೇ ತಿಂಗಳು ಸಂಸ್ಥೆಯು ಷೇರುಪೇಟೆಯಿಂದ ಹೊರಬಂದಿತು. ಇಂಥ ಯೋಜನೆಗೆ ನ್ಯಾಯಮಂಡಳಿಯಲ್ಲಿ ಆಕ್ಷೇಪ ಸಲ್ಲಿಸಲು ಷೇರುದಾರರ ಬಳಿ ಕನಿಷ್ಠ ಶೇ. 10ರಷ್ಟು ಷೇರು ಇರಬೇಕೆಂದು ಕಾಯ್ದೆಯ 230ನೆಯ ಕಲಮು ಹೇಳುತ್ತದೆ. ಹಾಗಾಗಿ ಮತಪುಟದಲ್ಲಿ ಸೋತ ಸಣ್ಣ ಷೇರುದಾರನಿಗೆ ಮುಂದಿನ ಬಾಗಿಲು ಬಹುತೇಕ ಮುಚ್ಚಿಯೇ ಇರುತ್ತದೆ. ಅವನ ಪಾಲಿಗೆ ಮತವೇ ಮೊದಲ ಮಾತು, ಅದೇ ಕೊನೆಯ ಮಾತು.

ಚರ್ಚೆಗೆ ಮುನ್ನವೇ ತೀರ್ಪು

ದೂರದ ಮತದಾನದ ಇನ್ನೊಂದು ಕೊರತೆ ಅದರ ಸ್ವರೂಪದಲ್ಲಿಯೇ ಇದೆ. ಸಭೆಯ ಹಿಂದಿನ ಸಂಜೆಯೇ ಮತ ಮುಚ್ಚುವುದರಿಂದ, ಸಭೆಯಲ್ಲಿ ಷೇರುದಾರರು ಪ್ರಶ್ನೆ ಕೇಳುವ ಮತ್ತು ಅಧ್ಯಕ್ಷರು ಉತ್ತರಿಸುವ ಹೊತ್ತಿಗೆ ಬಹುಪಾಲು ತೀರ್ಪು ಆಗಿಹೋಗಿರುತ್ತದೆ. ಮತ ನೀಡಿದವನು ಸಭೆಗೆ ಬರಬಹುದು, ಆದರೆ ಅಲ್ಲಿ ಕೇಳಿದ ಉತ್ತರದಿಂದ ಮನಸ್ಸು ಬದಲಾದರೆ ಮತವನ್ನು ಬದಲಿಸಲಾರ. ಉತ್ತರ ಕೇಳಿಯೇ ನಿರ್ಧರಿಸಬೇಕೆನ್ನುವವನು ಮುಂಚಿತವಾಗಿ ಮತ ನೀಡದೆ ಕಾದು, ಸಭೆಯಲ್ಲಿ ಪಾಲ್ಗೊಂಡು ಅಲ್ಲಿಯೇ ಮತ ನೀಡಬೇಕು. ವಿಡಿಯೊ ಮೂಲಕ ಸಭೆ ನಡೆಯುವಲ್ಲಿ ಇದನ್ನೂ ಮನೆಯಿಂದಲೇ ಮಾಡಬಹುದು.

ಅಂಚೆ ಮತದಾನದಲ್ಲಿ ಈ ಅವಕಾಶವೂ ಇಲ್ಲ, ಏಕೆಂದರೆ ಅಲ್ಲಿ ಸಭೆಯೇ ಇಲ್ಲ. ಕಾನೂನು ಇದನ್ನು ಮನಗಂಡಿದೆ. ವಾರ್ಷಿಕ ಸಭೆಯ ಸಾಮಾನ್ಯ ಕಲಾಪಗಳನ್ನು ಅಂಚೆ ಮತದಾನಕ್ಕೆ ಹಾಕುವಂತಿಲ್ಲ. ನಿರ್ದೇಶಕನಿಗೋ ಲೆಕ್ಕಪರಿಶೋಧಕನಿಗೋ ತನ್ನ ಪರವಾಗಿ ಮಾತನಾಡುವ ಹಕ್ಕಿರುವ ವಿಷಯವನ್ನೂ ಹಾಕುವಂತಿಲ್ಲ. ಆದರೆ ನೆಸ್ಲೆಯ ರಾಯಧನದಂಥ ವಿಷಯ ಈ ಗಡಿಯೊಳಗೆ ಬರುವುದಿಲ್ಲ. ಅಲ್ಲಿ ಷೇರುದಾರನಿಗೆ ಆಧಾರವಾಗಿ ಉಳಿಯುವುದು ನೋಟಿಸಿಗೆ ಲಗತ್ತಿಸಿದ ವಿವರಣೆ ಮಾತ್ರ, ಅದನ್ನು ಬರೆಯುವುದು ಪ್ರಸ್ತಾವ ಮಂಡಿಸಿದ ಕಂಪೆನಿಯೇ.

ಫಲಿತಾಂಶವನ್ನು ಸಭೆ ಮುಗಿದ ಎರಡು ಕೆಲಸದ ದಿನಗಳೊಳಗೆ ಕಂಪೆನಿಯು ಷೇರುಪೇಟೆಗೆ ಸಲ್ಲಿಸಬೇಕು. ಅದರಲ್ಲಿ ಪ್ರವರ್ತಕರು, ಸಾರ್ವಜನಿಕ ಸಂಸ್ಥೆಗಳು, ಸಾಂಸ್ಥಿಕವಲ್ಲದ ಸಾರ್ವಜನಿಕರು ಎಂಬ ಮೂರು ಸಾಲುಗಳಿರುತ್ತವೆ. ನಿರ್ಣಯ ಭಾರಿ ಬಹುಮತದಿಂದ ಅಂಗೀಕಾರವಾಯಿತೆಂಬ ಸುದ್ದಿಯ ಹಿಂದೆ ಏನಿದೆ ಎಂಬುದನ್ನು ಮೂರನೆಯ ಸಾಲು ಹೇಳುತ್ತದೆ. ಆ ವರ್ಗದ ಬಳಿ ಎಷ್ಟು ಷೇರು ಇತ್ತು, ಅದರಲ್ಲಿ ಎಷ್ಟಕ್ಕೆ ಮತ ಚಲಾಯಿತವಾಯಿತು, ಪರವೆಷ್ಟು, ವಿರುದ್ಧವೆಷ್ಟು ಎಂಬ ನಾಲ್ಕು ಅಂಕಿಗಳು ಅಲ್ಲಿ ಸಿಗುತ್ತವೆ. ಸಣ್ಣ ಷೇರುದಾರರು ಒಪ್ಪಿದರೋ, ವಿರೋಧಿಸಿದರೋ, ಇಲ್ಲವೇ ಆ ಸಂಜೆ 5 ಗಂಟೆಯವರೆಗೂ ಪುಟವನ್ನೇ ತೆರೆಯಲಿಲ್ಲವೋ ಎಂಬುದು ಅಲ್ಲಿ ದಾಖಲಾಗಿರುತ್ತದೆ.